ಸೊನ್ನೆ ಬಡ್ಡಿಯ ಎರಡು ವರ್ಷ, ಆಮೇಲಿನ ಒಂದು ವರ್ಷ

2020ರ ಮಾರ್ಚ್ ಎರಡನೇ ವಾರ ಜಗತ್ತಿನ ಹಣಕಾಸು ಮಾರುಕಟ್ಟೆಗಳಲ್ಲಿ ಮಾರುವವರು ಮಾತ್ರ ಉಳಿದಿದ್ದರು. ಕೊಳ್ಳುವವರು ಕಾಣೆಯಾಗಿದ್ದರು. ಮಾರ್ಚ್ 12ರಂದು ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಒಂದೇ ದಿನ ಶೇ 9.5ರಷ್ಟು ಕುಸಿಯಿತು. ಅದೇ ದಿನ ಬಿಟ್‌ಕಾಯಿನ್ ತನ್ನ ಬೆಲೆಯ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡು 5,000 ಡಾಲರ್‌ಗಿಂತ ಕೆಳಗಿಳಿಯಿತು. ಕಷ್ಟಕಾಲದಲ್ಲಿ ಏರಬೇಕಾದ ಚಿನ್ನವೂ ಇಳಿಯಿತು. ಎಲ್ಲಕ್ಕಿಂತ ಸುರಕ್ಷಿತ ಎನಿಸಿದ್ದ ಅಮೆರಿಕ ಸರ್ಕಾರದ ಸಾಲಪತ್ರಗಳನ್ನು ಕೂಡ ಜನ ಸಿಕ್ಕ ಬೆಲೆಗೆ ಮಾರಿದರು. ಕೋವಿಡ್ ಭಯದಲ್ಲಿ ಎಲ್ಲರಿಗೂ ಬೇಕಾಗಿದ್ದುದು ನಗದು ಡಾಲರ್ ಒಂದೇ. ಮಾರ್ಚ್ 23ರಂದು ಮುಂಬೈನಲ್ಲಿ ಸೆನ್ಸೆಕ್ಸ್ 3,935 ಅಂಶ, ಅಂದರೆ ಶೇ 13ರಷ್ಟು ಬಿತ್ತು. ದೇಶ ಇನ್ನೂ ಲಾಕ್‌ಡೌನ್ ಬಾಗಿಲಲ್ಲಿ ನಿಂತಿತ್ತು.

ಆ ದಿನಗಳಲ್ಲಿ ವಾಷಿಂಗ್ಟನ್ನಿನಲ್ಲಿ ತೆಗೆದುಕೊಂಡ ತೀರ್ಮಾನಗಳು ಮುಂದಿನ ಮೂರು ವರ್ಷ ಜಗತ್ತಿನ ಬಹುಪಾಲು ಷೇರು, ಸಾಲಪತ್ರ ಮತ್ತು ಕ್ರಿಪ್ಟೋ ನಾಣ್ಯಗಳ ಬೆಲೆಯನ್ನು ಎಳೆದಾಡಿದವು. ಬಡ್ಡಿದರ ಏರಿದರೆ ಷೇರು ಇಳಿಯುತ್ತದೆ ಎಂಬ ಮಾತನ್ನು ಟಿವಿ ಚರ್ಚೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಅದು ಯಾವಾಗ, ಎಷ್ಟು, ಯಾರ ಮೂಲಕ ಎಂಬುದನ್ನು 2020ರಿಂದ 2023ರವರೆಗಿನ ಈ ಪ್ರಸಂಗದಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಉದಾಹರಣೆ ನಮ್ಮ ಕಾಲದಲ್ಲಿ ಇಲ್ಲ.

ಅಮೆರಿಕದ ಕೇಂದ್ರೀಯ ಬ್ಯಾಂಕ್ ಫೆಡರಲ್ ರಿಸರ್ವ್. ಆಗ ಅದರ ಅಧ್ಯಕ್ಷರಾಗಿದ್ದವರು ಜೆರೋಮ್ ಪವೆಲ್. ಮಾರ್ಚ್ 15ರ ಭಾನುವಾರ ತುರ್ತು ಸಭೆ ನಡೆಸಿದ ಫೆಡ್, ತನ್ನ ಬಡ್ಡಿದರವನ್ನು ಸೊನ್ನೆಯಿಂದ ಶೇ 0.25ರ ನಡುವಿಗೆ ಇಳಿಸಿತು. ಮರುದಿನ ಸೂಚ್ಯಂಕ ಚೇತರಿಸಿಕೊಳ್ಳಲಿಲ್ಲ, ಇನ್ನೂ ಶೇ 12ರಷ್ಟು ಬಿತ್ತು. ನಿಜವಾಗಿ ಗಾಳಿ ತಿರುಗಿದ್ದು ಮಾರ್ಚ್ 23ರಂದು. ಅಗತ್ಯವಿದ್ದಷ್ಟು ಸಾಲಪತ್ರಗಳನ್ನು ಯಾವ ಮಿತಿಯೂ ಇಲ್ಲದೆ ಕೊಳ್ಳುತ್ತೇವೆ ಎಂದು ಫೆಡ್ ಅಂದು ಘೋಷಿಸಿತು. ಎಸ್ ಅಂಡ್ ಪಿ ಸೂಚ್ಯಂಕದ ತಳಮಟ್ಟವೂ ಅದೇ ದಿನದ್ದು.

ಕೇಂದ್ರೀಯ ಬ್ಯಾಂಕ್ ಸಾಲಪತ್ರ ಕೊಂಡರೆ ಏನಾಗುತ್ತದೆ? ಮಾರಿದ ಪಿಂಚಣಿ ನಿಧಿಯೋ ವಿಮಾ ಕಂಪನಿಯೋ ಕೈಯಲ್ಲಿ ಪತ್ರದ ಬದಲು ಹಣ ಹಿಡಿದು ನಿಲ್ಲುತ್ತದೆ. ಆ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಇಲ್ಲ. ಹೊಸ ಸರ್ಕಾರಿ ಪತ್ರ ಕೊಂಡರೂ ಸಿಗುವುದು ಅತ್ಯಲ್ಪ, ಏಕೆಂದರೆ ಫೆಡ್ ಕೊಂಡೂ ಕೊಂಡೂ ಪತ್ರಗಳ ಬೆಲೆ ಏರಿಸಿ ಅವುಗಳ ಆದಾಯವನ್ನು ತಗ್ಗಿಸಿರುತ್ತದೆ. ಹಾಗಾಗಿ ಆ ಹಣ ಖಾಸಗಿ ಕಂಪನಿಗಳ ಸಾಲಪತ್ರಕ್ಕೆ ಹೋಗುತ್ತದೆ. ಅಲ್ಲಿಂದ ದೊಡ್ಡ ಕಂಪನಿಗಳ ಷೇರಿಗೆ, ಅಲ್ಲಿಂದ ಲಾಭವನ್ನೇ ಕಾಣದ ಹೊಸ ಕಂಪನಿಗಳಿಗೆ, ಕೊನೆಗೆ ಕ್ರಿಪ್ಟೋವಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯದ ಗೇಟು ತೆರೆದಾಗ ನೀರು ಅವರನ್ನು ಮುಟ್ಟುವುದು ಎಲ್ಲರ ನಂತರ, ಗೇಟು ತಗ್ಗಿಸಿದಾಗ ಮೊದಲು ಒಣಗುವುದು ಅವರ ಹೊಲ. ಜಗತ್ತಿನ ಹಣದ ಕಾಲುವೆಯಲ್ಲಿ ಕ್ರಿಪ್ಟೋ ಇದ್ದುದು ಆ ಕೊನೆಭಾಗದಲ್ಲಿ.

ಗೇಟು ಆಗ ಪೂರ್ತಿ ತೆರೆದಿತ್ತು. ಫೆಡ್ ಬಳಿಯಿದ್ದ ಆಸ್ತಿಯ ಮೊತ್ತ ಕೋವಿಡ್‌ಗೆ ಮುನ್ನ ಸುಮಾರು 4.2 ಲಕ್ಷ ಕೋಟಿ ಡಾಲರ್. 2022ರ ವಸಂತದ ಹೊತ್ತಿಗೆ ಅದು 9 ಲಕ್ಷ ಕೋಟಿಯ ಹತ್ತಿರ ಬಂದಿತ್ತು. ಇದರ ಜೊತೆಗೆ ಅಮೆರಿಕ ಸರ್ಕಾರ ಜನರ ಖಾತೆಗೆ ನೇರವಾಗಿ ಹಣ ಹಾಕಿತು: ಮೊದಲು 1,200 ಡಾಲರ್, ನಂತರ 600, 2021ರ ಮಾರ್ಚ್‌ನಲ್ಲಿ ಮತ್ತೆ 1,400. ಮನೆಯಲ್ಲೇ ಕುಳಿತಿದ್ದ ಲಕ್ಷಾಂತರ ಯುವಕರು ಮೊಬೈಲಿನಲ್ಲಿ ಷೇರು ಖಾತೆ ತೆರೆದರು. ನಮ್ಮಲ್ಲೂ ಹೀಗೇ ಆಯಿತು. ರಿಸರ್ವ್ ಬ್ಯಾಂಕ್ 2020ರ ಮೇ ತಿಂಗಳಲ್ಲಿ ರೆಪೊ ದರವನ್ನು ಶೇ 4ಕ್ಕೆ ಇಳಿಸಿದ ಮೇಲೆ ನಿಶ್ಚಿತ ಠೇವಣಿಯ ಬಡ್ಡಿ ಬೆಲೆಯೇರಿಕೆಗಿಂತ ಕೆಳಗಿಳಿಯಿತು. ನಿವೃತ್ತರು ಬೇಸರಪಟ್ಟರು, ಅವರ ಮಕ್ಕಳು ಡಿಮ್ಯಾಟ್ ಖಾತೆ ತೆರೆದರು. 2020ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ. 2022ರ ಆಗಸ್ಟ್ ಹೊತ್ತಿಗೆ ಅವು 10 ಕೋಟಿ ದಾಟಿದ್ದವು. ಇದೇ ಅವಧಿಯ ಆರಂಭದಲ್ಲಿ, 2020ರ ಮಾರ್ಚ್ 4ರಂದು, ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಆ ಬಾಗಿಲು ತೆರೆದ ಹನ್ನೊಂದೇ ದಿನಕ್ಕೆ ಅಮೆರಿಕದ ಬಡ್ಡಿ ಸೊನ್ನೆಗಿಳಿಯಿತು.

ಬಿಟ್‌ಕಾಯಿನ್‌ಗೆ ಆಗ ಒಂದು ಕಥೆಯೂ ಸಿಕ್ಕಿತು. ಸರ್ಕಾರಗಳು ಬೇಕಾದಷ್ಟು ನೋಟು ಸೃಷ್ಟಿಸಬಹುದು, ಬಿಟ್‌ಕಾಯಿನ್ ಮಾತ್ರ 2.1 ಕೋಟಿಗಿಂತ ಹೆಚ್ಚಾಗುವುದಿಲ್ಲ, ಆದ್ದರಿಂದ ಅದು ಹಣದುಬ್ಬರದ ವಿರುದ್ಧದ ಗುರಾಣಿ ಎಂಬುದು ಆ ಕಥೆ. ಹೆಸರಾಂತ ಹೂಡಿಕೆದಾರ ಪಾಲ್ ಟ್ಯೂಡರ್ ಜೋನ್ಸ್ 2020ರ ಮೇ ತಿಂಗಳಲ್ಲಿ ಇದನ್ನು ಬಹಿರಂಗವಾಗಿ ಹೇಳಿದರು. ಆಗಸ್ಟ್‌ನಲ್ಲಿ ಮೈಕ್ರೋಸ್ಟ್ರಾಟಜಿ ಎಂಬ ಸಾಫ್ಟ್‌ವೇರ್ ಕಂಪನಿ ತನ್ನ ನಗದನ್ನು ಬಿಟ್‌ಕಾಯಿನ್‌ಗೆ ಬದಲಿಸತೊಡಗಿತು. 2021ರ ಫೆಬ್ರುವರಿಯಲ್ಲಿ ಟೆಸ್ಲಾ 150 ಕೋಟಿ ಡಾಲರ್ ಮೊತ್ತದ ಬಿಟ್‌ಕಾಯಿನ್ ಕೊಂಡಿರುವುದಾಗಿ ತಿಳಿಸಿತು. ಕಥೆ ಕೇಳಲು ತರ್ಕಬದ್ಧವಾಗಿತ್ತು. ಅದರ ಪರೀಕ್ಷೆ ನಡೆಯಬೇಕಾದರೆ ಹಣದುಬ್ಬರ ನಿಜವಾಗಿ ಬರಬೇಕಿತ್ತು.

ಅದಕ್ಕೆ ಮುನ್ನ ಬಡ್ಡಿಗೂ ಷೇರಿನ ಬೆಲೆಗೂ ಇರುವ ಗಂಟನ್ನು ಬಿಚ್ಚಿ ನೋಡಬೇಕು. ಎರಡು ಕಂಪನಿಗಳಿವೆ ಎನ್ನಿ. ಒಂದು ಮುಂದಿನ ವರ್ಷವೇ 100 ರೂಪಾಯಿ ಲಾಭ ಕೊಡುತ್ತದೆ. ಇನ್ನೊಂದು ಈಗ ಏನೂ ಕೊಡುವುದಿಲ್ಲ, ಹತ್ತು ವರ್ಷದ ನಂತರ 100 ರೂಪಾಯಿ ಕೊಡುತ್ತದೆ. ಬಡ್ಡಿ ಶೇ 2 ಇದ್ದಾಗ ಮೊದಲನೆಯದರ ಇಂದಿನ ಬೆಲೆ 98 ರೂಪಾಯಿ, ಎರಡನೆಯದರದು 82. ಬಡ್ಡಿ ಶೇ 5ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಮೊದಲನೆಯದು 95ಕ್ಕೆ ಇಳಿಯುತ್ತದೆ, ನಷ್ಟ ಮೂರೇ ರೂಪಾಯಿ. ಎರಡನೆಯದು 61ಕ್ಕೆ ಇಳಿಯುತ್ತದೆ, ನಾಲ್ಕನೇ ಒಂದು ಭಾಗ ಹೋಯಿತು. ಕಂಪನಿಯಲ್ಲಿ ಏನೂ ಬದಲಾಗಿಲ್ಲ. ನೌಕರರು, ಯಂತ್ರಗಳು, ಗಿರಾಕಿಗಳು ಎಲ್ಲ ಹಾಗೇ ಇದ್ದಾರೆ. ಲಾಭ ಎಷ್ಟು ದೂರದಲ್ಲಿದೆಯೋ ಬಡ್ಡಿಯ ಪೆಟ್ಟು ಅಷ್ಟು ಜೋರು. ಇನ್ನು ಬಿಟ್‌ಕಾಯಿನ್ ಲಾಭಾಂಶವನ್ನೇ ಕೊಡುವುದಿಲ್ಲ. ಅದರ ಬೆಲೆ ನಿಂತಿರುವುದು ಮುಂದೊಂದು ದಿನ ಬೇರೊಬ್ಬರು ಅದಕ್ಕೆ ಹೆಚ್ಚು ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ. ಈ ಲೆಕ್ಕದಲ್ಲಿ ಅದು ಅತಿ ದೂರದ ಲಾಭದ ಕಂಪನಿಯಂತೆಯೇ ವರ್ತಿಸಬೇಕು.

ಇಲ್ಲಿ ಬಡ್ಡಿ ಎಂದರೆ ಬೆಲೆಯೇರಿಕೆಯನ್ನು ಕಳೆದು ಉಳಿಯುವ ನೈಜ ಬಡ್ಡಿ. 2021ರ ಕೊನೆಯಲ್ಲಿ ಅಮೆರಿಕದ ಹತ್ತು ವರ್ಷದ ಸಾಲಪತ್ರ ಸುಮಾರು ಶೇ 1.5 ಕೊಡುತ್ತಿತ್ತು, ಮುಂದಿನ ಹತ್ತು ವರ್ಷ ಹಣದುಬ್ಬರ ಸರಾಸರಿ ಶೇ 2.5ರಷ್ಟಿರುತ್ತದೆ ಎಂದು ಮಾರುಕಟ್ಟೆ ಎಣಿಸಿತ್ತು. ಅಂದರೆ ನೈಜ ಬಡ್ಡಿ ಸೊನ್ನೆಗಿಂತ ಶೇ 1 ಕೆಳಗೆ. ಸರ್ಕಾರಕ್ಕೆ ಸಾಲ ಕೊಟ್ಟವರು ಪ್ರತಿ ವರ್ಷ ಅಷ್ಟಷ್ಟು ಕಳೆದುಕೊಳ್ಳಲು ಒಪ್ಪಿಕೊಂಡಿದ್ದರು. ಅಂಥ ಕಾಲದಲ್ಲಿ ಹತ್ತು ವರ್ಷ ಆಚೆಯ ಕನಸು ಕೂಡ ಕೈಲಿರುವ ರೂಪಾಯಿಗಿಂತ ತೂಕದ್ದಾಗಿ ಕಾಣುತ್ತದೆ.

ಹಣದುಬ್ಬರ ಮೊದಲು ಕಾಣಿಸಿಕೊಂಡದ್ದು ಹಳೆಯ ಕಾರುಗಳ ಬೆಲೆಯಲ್ಲಿ. ಚಿಪ್ ಸಿಗದೆ ಹೊಸ ಕಾರುಗಳ ತಯಾರಿಕೆ ಕುಂಠಿತವಾಗಿತ್ತು, ಬಂದರುಗಳಲ್ಲಿ ಹಡಗುಗಳು ಸಾಲುಗಟ್ಟಿದ್ದವು, ಕೈಯಲ್ಲಿ ಸರ್ಕಾರದ ಹಣವಿದ್ದ ಜನ ವಸ್ತುಗಳನ್ನು ಕೊಳ್ಳುತ್ತಲೇ ಇದ್ದರು. ಅಮೆರಿಕದ ಗ್ರಾಹಕ ಬೆಲೆ ಏರಿಕೆ 2021ರ ಏಪ್ರಿಲ್‌ನಲ್ಲಿ ಶೇ 4.2, ಮೇ ತಿಂಗಳಲ್ಲಿ ಶೇ 5, ಜೂನ್‌ನಲ್ಲಿ ಶೇ 5.4. ಫೆಡ್‌ನ ಗುರಿ ಶೇ 2. ಆದರೂ ಪವೆಲ್ ಇದು ತಾತ್ಕಾಲಿಕ, ಸರಬರಾಜು ಸರಿಹೋದರೆ ತಾನೇ ಇಳಿಯುತ್ತದೆ ಎನ್ನುತ್ತಲೇ ಬಂದರು. ಅದಕ್ಕೆ ಒಂದು ಹಿನ್ನೆಲೆಯೂ ಇತ್ತು. 2020ರ ಆಗಸ್ಟ್‌ನಲ್ಲಿ ಫೆಡ್ ತನ್ನ ನೀತಿಯನ್ನೇ ಬದಲಿಸಿ, ಹಿಂದೆ ಹಣದುಬ್ಬರ ಗುರಿಗಿಂತ ಕಡಿಮೆ ಇದ್ದುದರಿಂದ ಇನ್ನು ಸ್ವಲ್ಪ ಕಾಲ ಹೆಚ್ಚಿದ್ದರೂ ಸಹಿಸುತ್ತೇವೆ ಎಂದು ಹೇಳಿಕೊಂಡಿತ್ತು. ಹಿಂದಿನ ಹತ್ತು ವರ್ಷದ ಕಾಯಿಲೆಗೆ ಬರೆದ ಔಷಧಿಯದು. ಹೊಸ ಕಾಯಿಲೆಗೂ ಅದನ್ನೇ ಕೊಡುತ್ತ ಹೋದರು. ಅಮೆರಿಕದ ಮಾಜಿ ಖಜಾನೆ ಕಾರ್ಯದರ್ಶಿ ಲ್ಯಾರಿ ಸಮರ್ಸ್ 2021ರ ಫೆಬ್ರುವರಿಯಲ್ಲೇ, ಇಷ್ಟೊಂದು ಸರ್ಕಾರಿ ಖರ್ಚು ಒಂದು ತಲೆಮಾರು ಕಾಣದ ಹಣದುಬ್ಬರ ತರಬಹುದೆಂದು ಎಚ್ಚರಿಸಿದ್ದರು.

ತಪ್ಪು ಯಾರದ್ದು ಎಂಬ ವಾದ ಅರ್ಥಶಾಸ್ತ್ರಜ್ಞರಲ್ಲಿ ಇನ್ನೂ ಮುಗಿದಿಲ್ಲ. ಬೆನ್ ಬರ್ನಾಂಕಿ ಮತ್ತು ಒಲಿವಿಯೆ ಬ್ಲಾಂಷಾರ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಆರಂಭದ ಏರಿಕೆಗೆ ಮುಖ್ಯ ಕಾರಣ ಇಂಧನ, ಆಹಾರ ಮತ್ತು ವಸ್ತುಗಳ ಕೊರತೆ. ಕೆಲಸಗಾರರ ಅಭಾವದಿಂದ ಕೂಲಿ ಏರಿದ್ದರ ಪಾತ್ರ ಆಮೇಲೆ ಹೆಚ್ಚಿತು, ಮತ್ತು ಇಳಿಸಲು ಕಷ್ಟವಾದದ್ದು ಅದೇ ಭಾಗ. ಸಮರ್ಸ್ ಪಕ್ಷದವರು ಬೇಡಿಕೆಯನ್ನು ಅತಿಯಾಗಿ ಉಬ್ಬಿಸಿದ್ದೇ ಮೂಲ ಎನ್ನುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ ಎಂದೇ ನನಗೆ ಅನಿಸುತ್ತದೆ. ಆದರೆ 2021ರ ಬೇಸಿಗೆಯ ನಂತರವೂ ಫೆಡ್ ಪ್ರತಿ ತಿಂಗಳು 12,000 ಕೋಟಿ ಡಾಲರ್ ಮೊತ್ತದ ಸಾಲಪತ್ರ ಕೊಳ್ಳುತ್ತಲೇ ಇದ್ದುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

2021ರ ನವೆಂಬರ್ 10ರ ಬೆಳಿಗ್ಗೆ ಅಕ್ಟೋಬರ್ ತಿಂಗಳ ಅಂಕಿ ಬಂತು: ಶೇ 6.2, ಮೂವತ್ತು ವರ್ಷದಲ್ಲೇ ಅತಿ ಹೆಚ್ಚು. ಹಣದುಬ್ಬರದ ಗುರಾಣಿ ಎಂಬ ಕಥೆಯನ್ನು ನಂಬಿದವರು ಕೂಡಲೇ ಬಿಟ್‌ಕಾಯಿನ್ ಕೊಂಡರು. ಬೆಲೆ ಸುಮಾರು 69,000 ಡಾಲರ್ ಮುಟ್ಟಿತು. ಅದೇ ದಿನ ಇನ್ನೊಂದು ಗುಂಪು ಅದೇ ಅಂಕಿಯನ್ನು ಬೇರೆ ರೀತಿ ಓದಿತು. ಹಣದುಬ್ಬರ ಇಷ್ಟಿದ್ದರೆ ಫೆಡ್ ಬಡ್ಡಿ ಏರಿಸಲೇಬೇಕು ಎಂದು ಅದು ಲೆಕ್ಕ ಹಾಕಿತು. ಸಂಜೆಯ ಹೊತ್ತಿಗೆ ಬೆಲೆ ಇಳಿಯತೊಡಗಿತ್ತು. ಆ ಎತ್ತರವನ್ನು ಬಿಟ್‌ಕಾಯಿನ್ ಮತ್ತೆ ಮುಟ್ಟಿದ್ದು 2024ರಲ್ಲಿ. ಹಣದುಬ್ಬರದ ಸುದ್ದಿಗೆ ಬೆಲೆ ಏರುವುದು ಕೇಂದ್ರೀಯ ಬ್ಯಾಂಕ್ ಸುಮ್ಮನಿರುತ್ತದೆ ಎಂಬ ನಂಬಿಕೆ ಇರುವವರೆಗೆ ಮಾತ್ರ. ಆ ನಂಬಿಕೆ ಹೋದ ಗಳಿಗೆಯಲ್ಲಿ ಅದೇ ಸುದ್ದಿಗೆ ಬೆಲೆ ಬೀಳುತ್ತದೆ.

ನವೆಂಬರ್ 30ರಂದು ಪವೆಲ್ ಸೆನೆಟ್ ಸಮಿತಿಯ ಮುಂದೆ, ತಾತ್ಕಾಲಿಕ ಎಂಬ ಪದವನ್ನು ಕೈಬಿಡುವ ಕಾಲ ಬಂದಿದೆ ಎಂದು ಒಪ್ಪಿಕೊಂಡರು. ಲಾಭ ಕಾಣದ ತಂತ್ರಜ್ಞಾನ ಕಂಪನಿಗಳ ಷೇರುಗಳು ಆಗಲೇ ಇಳಿಯುತ್ತಿದ್ದವು. 2022ರ ಜನವರಿ 5ರಂದು ಡಿಸೆಂಬರ್ ಸಭೆಯ ನಡಾವಳಿ ಪ್ರಕಟವಾಯಿತು. ಬಡ್ಡಿ ಏರಿಸುವುದಷ್ಟೇ ಅಲ್ಲ, ಕೊಂಡಿಟ್ಟ ಸಾಲಪತ್ರಗಳನ್ನು ಕರಗಿಸುವ ಮಾತೂ ಅದರಲ್ಲಿತ್ತು. ಅಂದೇ ನಾಸ್ಡಾಕ್ ಶೇ 3.3ರಷ್ಟು ಬಿತ್ತು, ಬಿಟ್‌ಕಾಯಿನ್ 44,000ಕ್ಕಿಂತ ಕೆಳಗೆ ಹೋಯಿತು. ಆ ದಿನದ ಬಡ್ಡಿ ಎಷ್ಟು? ಇನ್ನೂ ಸೊನ್ನೆಯೇ. ಫೆಡ್ ಮೊದಲ ಬಾರಿ ಕಾಲು ಅಂಶ ಏರಿಸಿದ್ದು ಮಾರ್ಚ್ 16ರಂದು. ಅಷ್ಟರಲ್ಲಿ ಬಿಟ್‌ಕಾಯಿನ್ ತನ್ನ ತುದಿಯಿಂದ ಶೇ 40ರಷ್ಟು ಕೆಳಗಿತ್ತು. ಬಡ್ಡಿ ಏರಿದ ಮೇಲೆ ಮಾರೋಣ ಎಂದು ಕಾದವರಿಗೆ ಮಾರಲು ಉಳಿದಿದ್ದುದು ಕಡಿಮೆ.

ಇದೇ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಒಂದು ಅಧ್ಯಯನ ಪ್ರಕಟಿಸಿತು. 2017ರಿಂದ 2019ರವರೆಗೆ ಬಿಟ್‌ಕಾಯಿನ್ ಮತ್ತು ಅಮೆರಿಕದ ಷೇರುಗಳ ಏರಿಳಿತಕ್ಕೆ ಸಂಬಂಧವೇ ಇರಲಿಲ್ಲ ಎನ್ನಬಹುದು, ಆ ಅಳತೆ 0.01 ಇತ್ತು. 2020-21ರಲ್ಲಿ ಅದು 0.36ಕ್ಕೆ ಏರಿತ್ತು. ದೊಡ್ಡ ಸಂಸ್ಥೆಗಳು ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡ ಮೇಲೆ ಒಂದರಲ್ಲಿ ನಷ್ಟವಾದಾಗ ಇನ್ನೊಂದನ್ನೂ ಮಾರುತ್ತವೆ. ಬಿಟ್‌ಕಾಯಿನ್ ಸಮರ್ಥಕರು ಇದನ್ನು ಒಪ್ಪುವುದಿಲ್ಲ. ಕೆಲವೇ ವರ್ಷಗಳ ಅಂಕಿ ನೋಡಿ ತೀರ್ಪು ಕೊಡಬಾರದು, ಬಿಟ್‌ಕಾಯಿನ್ ಹಣದುಬ್ಬರವನ್ನು ಮೊದಲೇ ಊಹಿಸಿ 2020ರಲ್ಲೇ ಏರಿಬಿಟ್ಟಿತ್ತು ಎನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಗುರಾಣಿ ಎಂದು ನಂಬಿ 2021ರ ಕೊನೆಯಲ್ಲಿ ಕೊಂಡ ಮನುಷ್ಯನಿಗೆ ಅದು ಸಮಾಧಾನ ಕೊಡಲಾರದು.

ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಕಚ್ಚಾ ತೈಲ, ಗೋಧಿ, ಸೂರ್ಯಕಾಂತಿ ಎಣ್ಣೆ ಎಲ್ಲದರ ಬೆಲೆ ಜಿಗಿಯಿತು. ನಮ್ಮ ಅಡುಗೆಮನೆಗಳಿಗೆ ಈ ಕಥೆ ಪ್ರವೇಶಿಸಿದ್ದು ಆಗ. ಭಾರತದ ಚಿಲ್ಲರೆ ಹಣದುಬ್ಬರ ಏಪ್ರಿಲ್‌ನಲ್ಲಿ ಶೇ 7.79ಕ್ಕೆ ಮುಟ್ಟಿತು.

ಮೇ 4, ಬುಧವಾರ. ಎಲ್‌ಐಸಿಯ ಐಪಿಒ ಸಾರ್ವಜನಿಕರಿಗೆ ತೆರೆದ ದಿನ. ಮಧ್ಯಾಹ್ನ ಎರಡರ ಸುಮಾರಿಗೆ ರಿಸರ್ವ್ ಬ್ಯಾಂಕ್ ಗವರ್ನರ್ ಶಕ್ತಿಕಾಂತ ದಾಸ್, ಮುನ್ಸೂಚನೆಯೇ ಇಲ್ಲದೆ ಕ್ಯಾಮೆರಾ ಮುಂದೆ ಬಂದು ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿರುವುದಾಗಿ ಹೇಳಿದರು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲು ಅನುಪಾತವನ್ನೂ ಅರ್ಧ ಅಂಶ ಹೆಚ್ಚಿಸಿದರು. ಮುಂದಿನ ಸಭೆ ಜೂನ್‌ನಲ್ಲಿ ಎಂದು ನೆಮ್ಮದಿಯಾಗಿದ್ದ ಪೇಟೆ ಬೆಚ್ಚಿಬಿತ್ತು. ಸೆನ್ಸೆಕ್ಸ್ 1,307 ಅಂಶ ಕುಸಿಯಿತು. ನಮ್ಮ ಅರ್ಧರಾತ್ರಿಗೆ, ಅಮೆರಿಕದಲ್ಲಿ ಫೆಡ್ ಅರ್ಧ ಅಂಶ ಏರಿಸಿತು. ರಿಸರ್ವ್ ಬ್ಯಾಂಕ್ ಫೆಡ್‌ಗೆ ಹೆದರಿ ಹೀಗೆ ಮಾಡಿತೇ ಎಂಬ ಪ್ರಶ್ನೆ ಅಂದೇ ಎದ್ದಿತು. ಬ್ಯಾಂಕ್ ಮುಂದಿಟ್ಟ ಕಾರಣ ದೇಶದೊಳಗಿನ ಬೆಲೆಯೇರಿಕೆಯೇ, ಮತ್ತು ಅಂಕಿಗಳು ಅದನ್ನು ಸಮರ್ಥಿಸುತ್ತವೆ. ಆದರೂ ಅಮೆರಿಕ ವೇಗವಾಗಿ ಬಡ್ಡಿ ಏರಿಸುವಾಗ ನಾವು ಸುಮ್ಮನಿದ್ದರೆ ಡಾಲರ್ ಹೊರಹೋಗುತ್ತದೆ, ರೂಪಾಯಿ ಬೀಳುತ್ತದೆ, ತೈಲ ಇನ್ನೂ ದುಬಾರಿಯಾಗಿ ಅದೇ ಬೆಲೆಯೇರಿಕೆಗೆ ಸೇರುತ್ತದೆ. ಈ ಎರಡು ಕಾರಣಗಳನ್ನು ಬೇರ್ಪಡಿಸುವುದು ಕಾಗದದ ಮೇಲೆ ಸುಲಭ.

ಫೆಡ್‌ನ ಆ ಸಭೆಯಲ್ಲಿ ಇನ್ನೊಂದು ಪಾಠವಿತ್ತು. ಮುಂದೆ ಮುಕ್ಕಾಲು ಅಂಶ ಏರಿಸುವ ಯೋಚನೆ ಸದ್ಯ ಇಲ್ಲ ಎಂದು ಪವೆಲ್ ಪತ್ರಕರ್ತರಿಗೆ ಹೇಳಿದರು. ಅರ್ಧ ಅಂಶ ಏರಿಸಿದ ದಿನವೇ ಅಮೆರಿಕದ ಷೇರುಗಳು ಶೇ 3ರಷ್ಟು ಏರಿದವು! ಮಾರುಕಟ್ಟೆ ಅದಕ್ಕಿಂತ ಕೆಟ್ಟದ್ದನ್ನು ನಿರೀಕ್ಷಿಸಿತ್ತು. ಮರುದಿನ ಜನ ಹಣದುಬ್ಬರವನ್ನು ಮತ್ತೆ ನೆನಪಿಸಿಕೊಂಡರು, ನಾಸ್ಡಾಕ್ ಶೇ 5ರಷ್ಟು ಬಿತ್ತು.

ಕ್ರಿಪ್ಟೋ ಲೋಕದ ಮೊದಲ ಗೋಡೆ ಕುಸಿದದ್ದು ಅದರ ಮರುವಾರ. ದಕ್ಷಿಣ ಕೊರಿಯಾದ ಡೋ ಕ್ವಾನ್ ಕಟ್ಟಿದ ಟೆರಾ ಜಾಲದಲ್ಲಿ ಯುಎಸ್‌ಟಿ ಎಂಬ ನಾಣ್ಯವಿತ್ತು. ಅದರ ಬೆಲೆ ಯಾವಾಗಲೂ ಒಂದು ಡಾಲರ್ ಇರುತ್ತದೆ ಎಂಬುದು ಭರವಸೆ. ಆದರೆ ಅದರ ಹಿಂದೆ ತಿಜೋರಿಯಲ್ಲಿ ಡಾಲರ್ ಇರಲಿಲ್ಲ. ಒಂದು ಯುಎಸ್‌ಟಿ ಕೊಟ್ಟರೆ ಒಂದು ಡಾಲರ್ ಬೆಲೆಯ ಲೂನಾ ಎಂಬ ಇನ್ನೊಂದು ನಾಣ್ಯವನ್ನು ಹೊಸದಾಗಿ ಸೃಷ್ಟಿಸಿ ಕೊಡುವ ನಿಯಮವಷ್ಟೇ ಇತ್ತು. ಯುಎಸ್‌ಟಿಯನ್ನು ಆಂಕರ್ ಎಂಬ ಯೋಜನೆಯಲ್ಲಿ ಇಟ್ಟರೆ ವರ್ಷಕ್ಕೆ ಶೇ 19.5ರಷ್ಟು ಬಡ್ಡಿ. ಜಗತ್ತಿನಲ್ಲಿ ಎಲ್ಲೂ ಬಡ್ಡಿ ಸಿಗದ ಕಾಲದಲ್ಲಿ ಈ ಶೇ 19.5 ಎಲ್ಲಿಂದ ಬರುತ್ತದೆ ಎಂದು ಕೇಳಿದವರು ಕಡಿಮೆ. ಸಾಲ ಪಡೆದವರು ಕೊಡುವ ಬಡ್ಡಿ ಅದಕ್ಕೆ ಸಾಲದೆ, ಕೊರತೆಯನ್ನು ಮೀಸಲು ನಿಧಿಯಿಂದ ತುಂಬುತ್ತಿದ್ದರು. ಮೇ 7ರ ಹೊತ್ತಿಗೆ ಕೆಲವರು ದೊಡ್ಡ ಮೊತ್ತ ಹೊರತೆಗೆದರು, ಯುಎಸ್‌ಟಿ ಒಂದು ಡಾಲರ್‌ನಿಂದ ಸ್ವಲ್ಪ ಜಾರಿತು. ಹೆದರಿದವರು ಅದನ್ನು ಲೂನಾಗೆ ಬದಲಿಸಿ ಮಾರಿದರು. ಲೂನಾ ಬೆಲೆ ಇಳಿಯಿತು. ಬೆಲೆ ಇಳಿದ ಮೇಲೆ ಒಂದು ಡಾಲರ್‌ಗೆ ಇನ್ನೂ ಹೆಚ್ಚು ಲೂನಾ ಸೃಷ್ಟಿಸಬೇಕಾಯಿತು, ಅದು ಬೆಲೆಯನ್ನು ಇನ್ನಷ್ಟು ಇಳಿಸಿತು. ವಾರದೊಳಗೆ 80 ಡಾಲರ್‌ನ ಲೂನಾ ಪೈಸೆಗೂ ಬಾಳದಾಯಿತು. ಸುಮಾರು 4,000 ಕೋಟಿ ಡಾಲರ್ ಆವಿಯಾಯಿತು. ಯುಎಸ್‌ಟಿಯನ್ನು ಉಳಿಸಲು ಇಟ್ಟುಕೊಂಡಿದ್ದ 80,000 ಬಿಟ್‌ಕಾಯಿನ್‌ಗಳು ಕೂಡ ಪೇಟೆಗೆ ಬಂದು ಬಿಟ್‌ಕಾಯಿನ್ ಬೆಲೆಯನ್ನೂ ಜಗ್ಗಿದವು.

ಫೆಡ್ ಬಡ್ಡಿ ಏರಿಸದಿದ್ದರೂ ಟೆರಾ ಒಂದು ದಿನ ಬೀಳುತ್ತಿತ್ತು, ಅದರ ರಚನೆಯೇ ಹಾಗಿತ್ತು. ಆದರೆ ಇಂಥ ಯೋಜನೆಗಳು ನಿಲ್ಲುವುದು ಹೊಸ ಹಣ ಬರುವವರೆಗೆ. ಆ ಹೊಸ ಹಣವನ್ನು ನಿಲ್ಲಿಸಿದ್ದು ಬಡ್ಡಿ.

ಜೂನ್ 10ರಂದು ಮೇ ತಿಂಗಳ ಅಮೆರಿಕದ ಹಣದುಬ್ಬರ ಶೇ 8.6 ಎಂದು ತಿಳಿಯಿತು, ಇಳಿಯುತ್ತದೆ ಎಂದು ಕಾದವರಿಗೆ ಅದು ಹೊಡೆತ. ಜೂನ್ 12ರ ಭಾನುವಾರ ರಾತ್ರಿ ಸೆಲ್ಸಿಯಸ್ ಎಂಬ ಕ್ರಿಪ್ಟೋ ಸಾಲ ಸಂಸ್ಥೆ ಗ್ರಾಹಕರು ಹಣ ತೆಗೆಯುವುದನ್ನೇ ತಡೆಹಿಡಿಯಿತು. ಸೋಮವಾರ ಎಸ್ ಅಂಡ್ ಪಿ ತನ್ನ ತುದಿಯಿಂದ ಶೇ 20ಕ್ಕೂ ಕೆಳಗಿಳಿಯಿತು. ಬುಧವಾರ ಫೆಡ್, ಆರು ವಾರದ ಹಿಂದೆ ಯೋಚನೆಯೇ ಇಲ್ಲ ಎಂದಿದ್ದ ಆ ಮುಕ್ಕಾಲು ಅಂಶವನ್ನು ಏರಿಸಿತು. ಶನಿವಾರ ಬಿಟ್‌ಕಾಯಿನ್ 20,000ಕ್ಕಿಂತ ಕೆಳಗಿತ್ತು. ಟೆರಾದಲ್ಲಿ ಹಣ ಕಳೆದುಕೊಂಡ ತ್ರೀ ಆರೋಸ್ ಕ್ಯಾಪಿಟಲ್ ಎಂಬ ನಿಧಿ ಹತ್ತಾರು ಕಡೆ ಸಾಲ ಮಾಡಿತ್ತು, ಆ ತಿಂಗಳ ಕೊನೆಗೆ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ಅದಕ್ಕೆ ಸಾಲ ಕೊಟ್ಟಿದ್ದ ವಾಯೇಜರ್ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು, ಅದರ ಹಿಂದೆಯೇ ಸೆಲ್ಸಿಯಸ್. ಷೇರುಪೇಟೆ ಶೇ 20 ಬಿದ್ದಾಗ ಕ್ರಿಪ್ಟೋ ಶೇ 70 ಬೀಳಲು ಕಾರಣ ಈ ಸಾಲದ ಸರಪಳಿ. ಅಡವಿಟ್ಟ ನಾಣ್ಯದ ಬೆಲೆ ಒಂದು ಮಟ್ಟಕ್ಕಿಂತ ಇಳಿದರೆ ಸಾಲ ಕೊಟ್ಟವರು ಅದನ್ನು ತಾವೇ ಮಾರುತ್ತಾರೆ, ಆ ಮಾರಾಟ ಮುಂದಿನವರ ಅಡವಿನ ಬೆಲೆಯನ್ನು ಇಳಿಸುತ್ತದೆ. ಇಲ್ಲಿ ಕೊನೆಯ ಗಳಿಗೆಯಲ್ಲಿ ಸಾಲ ಕೊಟ್ಟು ಎತ್ತಿಹಿಡಿಯುವ ಕೇಂದ್ರೀಯ ಬ್ಯಾಂಕ್ ಯಾವುದೂ ಇಲ್ಲ.

ಭಾರತದ ಕ್ರಿಪ್ಟೋ ಹೂಡಿಕೆದಾರರಿಗೆ ಇದರ ಮೇಲೆ ತೆರಿಗೆಯ ಹೊರೆಯೂ ಬಂತು. ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30, ಜುಲೈನಿಂದ ಪ್ರತಿ ಮಾರಾಟದ ಮೇಲೆ ಶೇ 1 ಟಿಡಿಎಸ್. ಬೆಂಗಳೂರಿಗೆ ಹೊಡೆತ ಬಂದದ್ದು ಇನ್ನೊಂದು ದಾರಿಯಿಂದ. ಇಲ್ಲಿನ ನವೋದ್ಯಮಗಳನ್ನು ಸಾಕಿದ್ದು ಬಹುಪಾಲು ಅದೇ ಅಗ್ಗದ ವಿದೇಶಿ ಹಣ, ಮತ್ತು ಅವುಗಳ ಲಾಭವೂ ಹತ್ತು ವರ್ಷ ಆಚೆಯದೇ. ಮೇ ತಿಂಗಳಲ್ಲಿ ಬೆಂಗಳೂರಿನ ಶಿಕ್ಷಣ ಕಂಪನಿ ವೇದಾಂತು ನೂರಾರು ಜನರನ್ನು ಕೆಲಸದಿಂದ ತೆಗೆದಾಗ, ಅದರ ಮುಖ್ಯಸ್ಥರು ನೌಕರರಿಗೆ ಬರೆದ ಪತ್ರದಲ್ಲಿ ಯುರೋಪಿನ ಯುದ್ಧದ ಜೊತೆ ಫೆಡ್‌ನ ಬಡ್ಡಿ ಏರಿಕೆಯನ್ನೂ ಕಾರಣವಾಗಿ ಹೆಸರಿಸಿದರು. ವಾಷಿಂಗ್ಟನ್ನಿನ ಒಂದು ಸಭೆ ಇಲ್ಲಿನ ಪಾಠ ಹೇಳುವವರ ಸಂಬಳದವರೆಗೆ ತಲುಪಿದ್ದು ಹೀಗೆ.

ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿ ತುದಿ ಕಂಡಿತು. ಆಗಸ್ಟ್ 26ರಂದು ಪವೆಲ್ ಜಾಕ್ಸನ್ ಹೋಲ್‌ನಲ್ಲಿ ಎಂಟೇ ನಿಮಿಷ ಮಾತಾಡಿ, ಕುಟುಂಬಗಳಿಗೂ ಉದ್ಯಮಗಳಿಗೂ ನೋವಾಗಲಿದೆ, ಆದರೂ ನಿಲ್ಲುವುದಿಲ್ಲ ಎಂದರು. ಡೌ ಸೂಚ್ಯಂಕ ಅಂದು ಸಾವಿರ ಅಂಶ ಇಳಿಯಿತು. ಅಕ್ಟೋಬರ್ ಹೊತ್ತಿಗೆ ಹತ್ತು ವರ್ಷದ ಪತ್ರದ ಆದಾಯ ಶೇ 4.2ರಷ್ಟಿತ್ತು. ದೀರ್ಘಕಾಲದ ಹಣದುಬ್ಬರದ ಎಣಿಕೆ ಮಾತ್ರ ಹಿಂದಿನಂತೆ ಶೇ 2.5ರ ಆಸುಪಾಸಿನಲ್ಲೇ ಇತ್ತು. ನೈಜ ಬಡ್ಡಿ ಸೊನ್ನೆಗಿಂತ ಶೇ 1 ಕೆಳಗಿದ್ದುದು ಶೇ 1.7 ಮೇಲಕ್ಕೆ ಬಂದಿತ್ತು. ಹಣದುಬ್ಬರದ ಗುರಾಣಿ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಉತ್ತರ ಈ ಅಂಕಿಯಲ್ಲೇ ಇದೆ. ಜನ ಫೆಡ್ ಗೆಲ್ಲುತ್ತದೆ ಎಂದು ನಂಬಿದ್ದರು. ಆದ್ದರಿಂದ ಬಡ್ಡಿಯ ಏರಿಕೆಯೆಲ್ಲ ನೈಜ ಬಡ್ಡಿಗೇ ಸೇರಿತು.

ನವೆಂಬರ್ ಎರಡನೇ ವಾರದಲ್ಲಿ ಎಫ್‌ಟಿಎಕ್ಸ್ ಕುಸಿಯಿತು. ಗ್ರಾಹಕರ ಹಣವನ್ನು ತನ್ನದೇ ಸೋದರ ಸಂಸ್ಥೆಯ ಜೂಜಿಗೆ ಬಳಸಿದ್ದ ಆ ವಿನಿಮಯ ಕೇಂದ್ರದ ಕಥೆ ವಂಚನೆಯ ಕಥೆ, ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ನಂತರ ಜೈಲಿಗೆ ಹೋದರು. ಬಿಟ್‌ಕಾಯಿನ್ 16,000ಕ್ಕಿಂತ ಕೆಳಗೆ ಹೋಯಿತು. ಅದರ ನಡುವೆಯೇ ನವೆಂಬರ್ 10ರಂದು ಅಕ್ಟೋಬರ್ ಹಣದುಬ್ಬರ ಶೇ 7.7 ಎಂದು ಪ್ರಕಟವಾಯಿತು, ನಿರೀಕ್ಷೆಗಿಂತ ಕಡಿಮೆ. ನಾಸ್ಡಾಕ್ ಒಂದೇ ದಿನ ಶೇ 7.4 ಜಿಗಿಯಿತು. ಒಂದು ವರ್ಷದ ಹಿಂದೆ ಶೇ 6.2 ಎಂಬ ಅಂಕಿಯ ದಿನದಿಂದ ಇಳಿಕೆ ಶುರುವಾಗಿತ್ತು, ಈಗ ಅದಕ್ಕಿಂತ ಹೆಚ್ಚಿನ ಅಂಕಿಗೆ ಸಂಭ್ರಮ. ಬೆಲೆ ಚಲಿಸುವುದು ಅಂಕಿಯ ಗಾತ್ರಕ್ಕಲ್ಲ, ಆ ಅಂಕಿ ಮುಂದಿನ ಬಡ್ಡಿಯ ಬಗೆಗಿನ ಎಣಿಕೆಯನ್ನು ಎತ್ತ ತಿರುಗಿಸುತ್ತದೆ ಎಂಬುದಕ್ಕೆ.

ಕೊನೆಯ ಹೊಡೆತ ಬಿದ್ದದ್ದು ಬ್ಯಾಂಕಿಗೇ. ಸಿಲಿಕಾನ್ ವ್ಯಾಲಿ ಬ್ಯಾಂಕ್ ಅಗ್ಗದ ಹಣದ ಕಾಲದಲ್ಲಿ ನವೋದ್ಯಮಗಳು ಇಟ್ಟ ಠೇವಣಿಯನ್ನು ದೀರ್ಘಾವಧಿಯ ಸುರಕ್ಷಿತ ಪತ್ರಗಳಲ್ಲಿ ಹೂಡಿತ್ತು. ಬಡ್ಡಿ ಏರಿದಂತೆ ಅವುಗಳ ಬೆಲೆ ಇಳಿಯಿತು, ನವೋದ್ಯಮಗಳಿಗೆ ಹೊಸ ಹಣ ಸಿಗದೆ ಅವು ಠೇವಣಿ ತೆಗೆಯತೊಡಗಿದವು. 2023ರ ಮಾರ್ಚ್ 9ರಂದು ಒಂದೇ ದಿನ 4,200 ಕೋಟಿ ಡಾಲರ್ ಹೊರತೆಗೆಯಲು ಜನ ಮುಗಿಬಿದ್ದರು, ಮರುದಿನ ಬ್ಯಾಂಕ್ ಮುಚ್ಚಿತು. ಯುಎಸ್‌ಡಿಸಿ ಎಂಬ ಡಾಲರ್ ನಾಣ್ಯದ ಹಿಂದೆ ನಿಜವಾದ ಡಾಲರ್‌ಗಳಿದ್ದವು, ಆದರೆ ಅದರಲ್ಲಿ 330 ಕೋಟಿ ಈ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತ್ತು. ಆ ನಾಣ್ಯ ವಾರಾಂತ್ಯಕ್ಕೆ 90 ಸೆಂಟ್‌ಗಿಂತ ಕೆಳಗೆ ಜಾರಿತು. ಅಮೆರಿಕ ಸರ್ಕಾರ ಆ ಬ್ಯಾಂಕಿನ ಎಲ್ಲ ಠೇವಣಿಗಳಿಗೆ ಭರವಸೆ ಕೊಟ್ಟ ಮೇಲೆಯೇ ಅದು ಮತ್ತೆ ಒಂದು ಡಾಲರ್‌ಗೆ ಬಂದದ್ದು. ಬ್ಯಾಂಕುಗಳು ತತ್ತರಿಸಿದ ಮೇಲೆ ಫೆಡ್ ಇನ್ನು ಹೆಚ್ಚು ಏರಿಸಲಾರದು ಎಂದು ಎಣಿಸಿ ಬಿಟ್‌ಕಾಯಿನ್ ಹತ್ತು ದಿನದಲ್ಲಿ 20,000ದಿಂದ 28,000ಕ್ಕೆ ಏರಿತು. ಫೆಡ್ ಜುಲೈನಲ್ಲಿ ಶೇ 5.25ರಿಂದ 5.50ರ ನಡುವಿಗೆ ತಲುಪಿ ನಿಂತಿತು. ನಮ್ಮ ರೆಪೊ ದರ ಫೆಬ್ರುವರಿಯಲ್ಲೇ ಶೇ 6.50ಕ್ಕೆ ಬಂದು ನಿಂತಿತ್ತು. ಹಣದುಬ್ಬರ ಸತತ ಮೂರು ತ್ರೈಮಾಸಿಕ ಮಿತಿ ಮೀರಿದ್ದಕ್ಕಾಗಿ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದುಕೊಡಬೇಕಾದದ್ದು ಈ ಪ್ರಸಂಗದಲ್ಲೇ, 2022ರ ನವೆಂಬರ್‌ನಲ್ಲಿ, ಮೊದಲ ಬಾರಿಗೆ.

ಭಾರತದಲ್ಲಿ ಇದರ ಉಳಿದ ಗುರುತು ಬೇರೊಂದು ಕಡೆ ಇದೆ. 2022ರಲ್ಲಿ ವಿದೇಶಿ ಹೂಡಿಕೆದಾರರು ಇಲ್ಲಿನ ಷೇರುಗಳಿಂದ ಸುಮಾರು 1.2 ಲಕ್ಷ ಕೋಟಿ ರೂಪಾಯಿ ಹಿಂತೆಗೆದರು. ರೂಪಾಯಿ ಜುಲೈನಲ್ಲಿ ಡಾಲರ್‌ಗೆ 80 ಮುಟ್ಟಿತು. ಹಿಂದಿನ ಅನುಭವದ ಪ್ರಕಾರ ಸೆನ್ಸೆಕ್ಸ್ ನೆಲಕಚ್ಚಬೇಕಿತ್ತು. ಆದರೆ ಆ ವರ್ಷವನ್ನು ಅದು ಲಾಭದಲ್ಲೇ ಮುಗಿಸಿತು. ವಿದೇಶಿಯರು ಮಾರಿದ್ದನ್ನು ಮ್ಯೂಚುವಲ್ ಫಂಡ್‌ಗಳು ಕೊಂಡವು, ಆ ಫಂಡ್‌ಗಳಿಗೆ ತಿಂಗಳಿಗೆ 10,000 ಕೋಟಿಗೂ ಹೆಚ್ಚು ಹಣ ಎಸ್‌ಐಪಿ ಮೂಲಕ ಬರುತ್ತಿತ್ತು. ಸೊನ್ನೆ ಬಡ್ಡಿಯ ಕಾಲದಲ್ಲಿ ಖಾತೆ ತೆರೆದ ಅದೇ ಸಂಬಳದಾರರು ಬಡ್ಡಿ ಏರಿದ ಮೇಲೂ ಕಂತು ನಿಲ್ಲಿಸಲಿಲ್ಲ. 2025ರ ಮಾರ್ಚ್ ಹೊತ್ತಿಗೆ ಎನ್‌ಎಸ್‌ಇಯ ಕಂಪನಿಗಳಲ್ಲಿ ದೇಶೀಯ ಸಂಸ್ಥೆಗಳ ಪಾಲು ವಿದೇಶಿ ಹೂಡಿಕೆದಾರರ ಪಾಲನ್ನು ದಾಟಿತು. ಫೆಡ್ ತೀರ್ಮಾನದ ಮರುದಿನ ಮುಂಬೈ ಪೇಟೆ ಈಗಲೂ ಅಲುಗುತ್ತದೆ, ಆದರೆ ಕೆಳಗೆ ಹಿಡಿದಿರುವ ಕೈಗಳು ಈಗ ಹೆಚ್ಚಾಗಿ ಇಲ್ಲಿಯವೇ. ಹಾಗಾಗಿ ಮುಂದೆ ಬೀಳುವ ಪೆಟ್ಟೂ ಬೀಳುವುದು ಇಲ್ಲಿನ ಮನೆಗಳ ಮೇಲೆಯೇ.